ಬರಲಾಗದ ಮದುವೆಗೆ ಎರಡು ಭಾಷೆಯಲ್ಲಿ ಬರೆದ ಒಂದು ಕಾಗದ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಚಿಕ್ಕಮ್ಮ ಮೈಸೂರಿನಿಂದ ಬಸ್ಸು ಹತ್ತಿ ಶಿವಮೊಗ್ಗದ ನಮ್ಮ ಮನೆಗೆ ಬಂದರು. ಕೈಯಲ್ಲಿ ಮೊಮ್ಮಗಳ ಮದುವೆಯ ಕರೆಯೋಲೆ. ಕುಂಕುಮದ ಭರಣಿಯನ್ನೂ ತಂದಿದ್ದರು, ಚೀಲದಿಂದ ಹೊರಗೆ ತೆಗೆಯಲಿಲ್ಲ. ಹಿಂದಿನ ಕಾರ್ತಿಕದಲ್ಲಿ ಅಪ್ಪ ತೀರಿಕೊಂಡಿದ್ದರು. ವರ್ಷದ ಕಾರ್ಯ ಮುಗಿಯುವ ತನಕ ಮಂಗಳಕಾರ್ಯಗಳಿಗೆ ಹೋಗಬಾರದು ಅನ್ನುವುದು ನಮ್ಮ ಮನೆಯಲ್ಲಿ ನಡೆದುಕೊಂಡು ಬಂದ ಪದ್ಧತಿ. ಅದು ಚಿಕ್ಕಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಅಮ್ಮನ ಪಕ್ಕದಲ್ಲಿ ಕೂತು, ಕರೆಯೋಲೆಯನ್ನೂ ಒಂದು ಚಿಟಿಕೆ ಅಕ್ಷತೆಯ ಪೊಟ್ಟಣವನ್ನೂ ಅವಳ ಮಡಿಲಲ್ಲಿಟ್ಟು ಹೇಳಿದ್ದು ಇಷ್ಟೇ: "ಅಕ್ಕಾ, ನೀನು ಬರಲ್ಲ ಅಂತ ಗೊತ್ತು. ಹಾಗಂತ ಕರೀದೇ ಇರಕ್ಕಾಗತ್ತಾ?"

ಅಮ್ಮ ಏನೂ ಹೇಳಲಿಲ್ಲ, ತಂಗಿಯ ಕೈ ಹಿಡಿದುಕೊಂಡಳು. ಅವರಿಬ್ಬರ ನಡುವಿನ ಮಟ್ಟಿಗೆ ಕರೆದದ್ದೂ ಆಯಿತು, ಒಲ್ಲೆನೆಂದದ್ದೂ ಆಯಿತು. ಕಾಗದ ಬರೆಯುವ ಅಗತ್ಯವೇ ಇರಲಿಲ್ಲ.

ಅಗತ್ಯ ಹುಟ್ಟಿದ್ದು ಕರೆಯೋಲೆಯ ಹಿಂಬದಿಯಿಂದ. ಮದುವೆಯ ಹುಡುಗಿ ಬೆಳೆದದ್ದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಅವಳ ಅಪ್ಪ, ಅಂದರೆ ಚಿಕ್ಕಮ್ಮನ ಮಗ, ನನಗೆ ತಮ್ಮನಾಗಬೇಕು. ಹಾಗಾಗಿ ಅವಳಿಗೆ ನಾನು ದೊಡ್ಡಪ್ಪ. ಮದುವೆಯಾಗುತ್ತಿರುವ ಹುಡುಗನೂ ಅಲ್ಲಿಯವನೇ, ಅವನ ಅಪ್ಪ ಅಮ್ಮನಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬಾರದು. ಅದಕ್ಕೇ ಕರೆಯೋಲೆಗೆ ಎರಡು ಮುಖ. ಮುಂದೆ ಕನ್ನಡ, ಹಿಂದೆ ಇಂಗ್ಲಿಷ್. ಕನ್ನಡದ ಕಡೆ ಎಂದಿನಂತೆ, ಇಷ್ಟಮಿತ್ರ ಬಂಧುಬಾಂಧವ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ. ಇಂಗ್ಲಿಷಿನ ಕಡೆ ಕೆಳಗೆ ನಾಲ್ಕು ಅಕ್ಷರ, ಆರ್‌ಎಸ್‌ವಿಪಿ, ಅದರ ಮುಂದೆ ಏಪ್ರಿಲ್ 10. ಅದು ಫ್ರೆಂಚ್ ಮಾತೊಂದರ ಮೊದಲಕ್ಷರಗಳು, 'ದಯವಿಟ್ಟು ಉತ್ತರಿಸಿ' ಎಂದು ಅರ್ಥ. ಕನ್ನಡದ ಮುಖ ಉತ್ತರ ಕೇಳುವುದಿಲ್ಲ, ಇಂಗ್ಲಿಷಿನ ಮುಖ ದಿನಾಂಕ ಕೊಟ್ಟು ಕೇಳುತ್ತದೆ.

ಹೊರಡುವಾಗ ಚಿಕ್ಕಮ್ಮ ನನ್ನನ್ನು ಬಾಗಿಲ ಹತ್ತಿರ ಕರೆದು, "ಒಂದು ಕಾಗದ ಬರಿ. ನಾನು ಎಲ್ಲರಿಗೂ ಓದಿ ಹೇಳ್ತೀನಿ. ಮಗೂಗೂ ಅರ್ಥ ಆಗೋ ಹಾಗೆ ಬರಿ, ಅವಳು ಅತ್ತೆ ಮಾವಂಗೆ ತೋರಿಸಬೇಕು" ಅಂದರು. ಇದು ಸುಲಭದ ಕೆಲಸ ಅಂದುಕೊಂಡೆ. ಒಂದೇ ಹಾಳೆ, ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ಹನ್ನೆರಡು ಸಾಲಿನ ಆ ಕಾಗದಕ್ಕೆ ನನಗೆ ಒಂಬತ್ತು ದಿನ ಬೇಕಾಯಿತು.

ಎರಡು ಬೇರೆ ಬೇರೆ ಕಾಗದ ಬರೆದಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ಆದರೆ ತಮ್ಮನಿಗೆ ಎರಡೂ ಭಾಷೆ ಬರುತ್ತವೆ, ಹುಡುಗಿಗೂ ಕನ್ನಡ ಕೇಳಿದರೆ ಅರ್ಥವಾಗುತ್ತದೆ. ಪಕ್ಕಪಕ್ಕದಲ್ಲಿ ಓದುವಾಗ ಕನ್ನಡದಲ್ಲಿ ಇರುವುದು ಇಂಗ್ಲಿಷಿನಲ್ಲಿ ಇಲ್ಲದಿದ್ದರೆ, ಅವಳ ಅತ್ತೆ ಮಾವನಿಗೆ ಏನನ್ನೋ ಮುಚ್ಚಿಟ್ಟಂತೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಹೆಚ್ಚಿದ್ದರೆ ಚಿಕ್ಕಮ್ಮನನ್ನು ಹೊರಗಿಟ್ಟಂತೆ. ಒಂದೇ ಕಾಗದವಾಗಿರಬೇಕು, ಎರಡು ಕಡೆಯೂ ಅಲ್ಲೇ ಹುಟ್ಟಿದ ಹಾಗೆ ಓದಿಸಿಕೊಳ್ಳಬೇಕು.

ಮೊದಲು ಕನ್ನಡ ಬರೆದು ಇಂಗ್ಲಿಷಿಗೆ ತಂದೆ. ಅಪ್ಪ ಬರೆಯುತ್ತಿದ್ದ ಕಾಗದಗಳ ಧಾಟಿಯಲ್ಲಿ 'ಉಭಯಕುಶಲೋಪರಿ ಸಾಂಪ್ರತ' ಎಂದು ಶುರು ಮಾಡಿದ್ದೆ. ನೀವೂ ಕ್ಷೇಮ, ನಾವೂ ಕ್ಷೇಮ, ಇನ್ನು ವಿಷಯಕ್ಕೆ ಬರೋಣ ಅನ್ನುವಷ್ಟನ್ನು ಆ ಎರಡು ಪದ ಹೇಳುತ್ತವೆ. ಇಂಗ್ಲಿಷಿನಲ್ಲಿ ಅದು ಎರಡು ಸಾಲಿನ ಆರೋಗ್ಯ ವಿಚಾರಣೆಯಾಯಿತು, ಯಾರಿಗೋ ಕಾಯಿಲೆ ಇದ್ದಂತೆ. 'ತಪ್ಪು ತಿಳಿಯಬೇಡಿ' ಅನ್ನುವುದು ಅಲ್ಲಿ ಹೋಗಿ 'ನನ್ನನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳಬೇಡ' ಅನ್ನುವ ಎಚ್ಚರಿಕೆಯಾಯಿತು. ನಮ್ಮಲ್ಲಿ ಅದು ಬಾಗಿದ ತಲೆ, ಅಲ್ಲಿ ಎತ್ತಿದ ಬೆರಳು.

ಮರುದಿನ ತಿರುಗಿಸಿ, ಇಂಗ್ಲಿಷ್ ಮೊದಲು ಬರೆದೆ. ಇಂಗ್ಲಿಷಿನಲ್ಲಿ ಇಂಥ ಉತ್ತರಕ್ಕೆ ಹಳೆಯದೊಂದು ಅಚ್ಚು ಇದೆ. ಅಚ್ಚುಕಟ್ಟಾದ ಕರೆಯೋಲೆ ಬಂದರೆ ಉತ್ತರವನ್ನೂ ಮೂರನೆಯವರು ಬರೆದಂತೆ ಬರೆಯುವುದು ಅಲ್ಲಿನ ವಾಡಿಕೆ. ಇಂಥವರು ಇಂಥವರ ಆಹ್ವಾನವನ್ನು ಸ್ವೀಕರಿಸಲಾಗದ್ದಕ್ಕೆ ವಿಷಾದಿಸುತ್ತಾರೆ ಎಂದು ಒಂದೇ ವಾಕ್ಯ, ದಿನಾಂಕ, ಮುಗಿಯಿತು. ಬರುವೆವು ಎಂದು ಬರೆಯುವವರು ದಿನದ ಜೊತೆ ಹೊತ್ತನ್ನೂ ನಮೂದಿಸುತ್ತಾರೆ, ತಿಳಿದುಕೊಂಡಿದ್ದೇವೆ ಎಂದು ತೋರಿಸಲು. ಬರಲಾಗದವರಿಗೆ ದಿನ ಸಾಕು, ಹೊತ್ತು ಬೇಡ. ಕಾರಣವನ್ನೂ ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಅದು ಗೌರವದ ಮಾತೇ. ಅದನ್ನು ಕನ್ನಡಕ್ಕೆ ತಂದಾಗ ಸಿಕ್ಕಿದ್ದು ಹೀಗೆ: 'ತಮ್ಮ ಆಹ್ವಾನವನ್ನು ಸ್ವೀಕರಿಸಲು ಅಸಮರ್ಥರಾಗಿರುವುದಕ್ಕೆ ವಿಷಾದಿಸುತ್ತೇವೆ.' ಓದಿದರೆ ಯಾವುದೋ ಕಚೇರಿಯಿಂದ ಸಾಲದ ಅರ್ಜಿ ತಿರಸ್ಕರಿಸಿ ಬಂದ ಪತ್ರದ ಹಾಗಿತ್ತು.

ಅದಕ್ಕಿಂತ ದೊಡ್ಡ ತೊಡಕು ವಿಷಾದ ಅನ್ನುವ ಪದವೇ. ಇಂಗ್ಲಿಷಿನ 'ರಿಗ್ರೆಟ್' ಮದುವೆಯ ಉತ್ತರದಲ್ಲಿ ಸವೆದು ನುಣುಪಾದ ಪದ, ಅದರಲ್ಲಿ ದುಃಖದ ಮುಳ್ಳಿಲ್ಲ. ಕನ್ನಡದಲ್ಲಿ ವಿಷಾದ ಎಂದರೆ ಅಪಘಾತದ ಸುದ್ದಿ, ಶ್ರದ್ಧಾಂಜಲಿಯ ಜಾಹೀರಾತು. 'ಅನ್‌ಫಾರ್ಚುನೇಟ್ಲಿ' ಅನ್ನುವುದಕ್ಕೆ ನಿಘಂಟಿನಲ್ಲಿ ದುರದೃಷ್ಟವಶಾತ್ ಎಂದಿರುತ್ತದೆ. ಮದುವೆ ಮನೆಗೆ ಕಳಿಸುವ ಕಾಗದದಲ್ಲಿ ದುರದೃಷ್ಟ ಎಂದು ಬರೆಯುವುದುಂಟೆ? ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅನ್ನದೆ 'ಹೋಗಿ ಬರ್ತೀನಿ' ಅನ್ನುವ, ದೀಪ ಆರಿಸು ಅನ್ನದೆ 'ದೀಪ ದೊಡ್ಡದು ಮಾಡು' ಅನ್ನುವ ಜನ ನಾವು. ಚಿಕ್ಕಮ್ಮ ಆ ಕಾಗದವನ್ನು ಚಪ್ಪರದ ಮನೆಯಲ್ಲಿ ಗಟ್ಟಿಯಾಗಿ ಓದುವವರು. ವಿಷಾದ, ದುರದೃಷ್ಟ, ಅಸಮರ್ಥ, ಈ ಮೂರು ಪದಗಳು ಅವರ ಬಾಯಲ್ಲಿ ಬರಬಾರದು.

ಮೂರನೆಯ ದಿನ ಬರೆಯುವುದನ್ನು ಬಿಟ್ಟು ಕರೆಯೋಲೆಯನ್ನೇ ಮತ್ತೆ ಓದಿದೆ. ಆಗ ಕಂಡದ್ದು ನನಗೆ ದಾರಿ ಮಾಡಿಕೊಟ್ಟಿತು. ಎರಡು ಮುಖಗಳೂ ಒಂದೇ ವಿಷಯ ಕೇಳುತ್ತಿರಲಿಲ್ಲ. ಇಂಗ್ಲಿಷಿನ ಮುಖ ಕೇಳುವುದು ನಮ್ಮ ಹಾಜರಿಯನ್ನು. ನೀವು ಅಲ್ಲಿರುವುದೇ ನಮಗೆ ಗೌರವ ಅನ್ನುತ್ತದೆ. ಕನ್ನಡದ ಮುಖ ಕೇಳುವುದು ಆಶೀರ್ವಾದವನ್ನು. ಬರುವುದು ಅದಕ್ಕೆ ದಾರಿ ಅಷ್ಟೆ. ಹಾಜರಿ ಕೇಳಿದವರಿಗೆ ಬರುವುದಿಲ್ಲ ಅಂದರೆ ಕೇಳಿದ್ದನ್ನು ಕೊಡಲಿಲ್ಲ ಎಂದಾಯಿತು, ಅದಕ್ಕೇ ಅಲ್ಲಿ 'ರಿಗ್ರೆಟ್' ಬೇಕು. ಆಶೀರ್ವಾದ ಕೇಳಿದವರಿಗೆ ಅದನ್ನು ಕಾಗದದಲ್ಲೇ ಕೊಡಬಹುದು. ಕನ್ನಡದಲ್ಲಿ ನಾನು ಕ್ಷಮೆ ಕೇಳಬೇಕಾಗಿಯೇ ಇರಲಿಲ್ಲ, ಕೇಳಿದ್ದನ್ನು ಕೊಡಬೇಕಾಗಿತ್ತು. ಆಶೀರ್ವಾದವನ್ನು ಮೊದಲಿಟ್ಟರೆ ಇಂಗ್ಲಿಷಿಗೂ ಹೊಂದುತ್ತದೆ. ಅಲ್ಲೂ ಹುಡುಗಿಗೆ ಬರೆಯುವ ಕಾಗದ ಸಂತೋಷದ ಮಾತಿನಿಂದ ಶುರುವಾಗುವುದು ಸಹಜವೇ.

ಆದರೆ ಎಷ್ಟು ಸಾಲಿನ ತನಕ? ಇಲ್ಲಿ ಎರಡು ಭಾಷೆಗಳ ತಾಳ ಬೇರೆ. ಕನ್ನಡದಲ್ಲಿ ಬರಲಾಗದ ಮಾತು ಎಷ್ಟು ಹಿಂದಕ್ಕೆ ಹೋದರೆ ಅಷ್ಟು ಮೃದು. ಅಪ್ಪನ ಕಾಗದಗಳಲ್ಲಿ ಅದು ಕೊನೆಯ ಸಾಲಿಗಿಂತ ಸ್ವಲ್ಪ ಮೇಲೆ, ಅಡಿಕೆ ಧಾರಣೆಯ ಸುದ್ದಿ ಮುಗಿದ ಮೇಲೆ ಬರುತ್ತಿತ್ತು. ಇಂಗ್ಲಿಷಿನ ಓದುಗರು ಉತ್ತರದ ಕಾಗದ ತೆರೆದ ಕೂಡಲೇ ಹುಡುಕುವುದು ಅದನ್ನೇ, ಹೌದೋ ಅಲ್ಲವೋ. ನಾಲ್ಕು ಸಾಲು ಓದಿದರೂ ಸಿಗದಿದ್ದರೆ ಇವರು ಏನೋ ಸುತ್ತಿ ಬಳಸುತ್ತಿದ್ದಾರೆ ಅನ್ನಿಸುತ್ತದೆ. ಕೊನೆಗೆ ನಮಸ್ಕಾರ ಆಶೀರ್ವಾದಗಳಾದ ಮೇಲೆ ಒಂದೇ ಒಂದು ಸಂತೋಷದ ವಾಕ್ಯ, ಅದರ ಬೆನ್ನಿಗೇ ಬರಲಾಗದ ಮಾತು ಎಂದು ನಿರ್ಧರಿಸಿದೆ. ಕನ್ನಡಕ್ಕೆ ಅದು ಸ್ವಲ್ಪ ಬೇಗ, ಇಂಗ್ಲಿಷಿಗೆ ಸ್ವಲ್ಪ ತಡ, ಎರಡೂ ಸಹಿಸಿಕೊಳ್ಳುವಷ್ಟು.

ಆ ಮಾತು ಸ್ಪಷ್ಟವಾಗಿರಬೇಕಿತ್ತು ಕೂಡ. ನಮ್ಮಲ್ಲಿ 'ನೋಡೋಣ', 'ಪ್ರಯತ್ನ ಮಾಡ್ತೀವಿ' ಅಂದರೆ ಬರುವುದಿಲ್ಲ ಎಂದು ಕೇಳುವವರಿಗೆ ತಾನೇ ತಿಳಿಯುತ್ತದೆ. ಅಡಿಗೆಯವರಿಗೆ ಎಲೆಯ ಲೆಕ್ಕ ಹೇಳುವಾಗ ಚಿಕ್ಕಪ್ಪ ಅಂಥವರನ್ನು ಮನಸ್ಸಿನಲ್ಲೇ ಕಳೆದಿರುತ್ತಾರೆ, ಹೇಳದೆ ಬರುವವರನ್ನು ಕೂಡಿಯೂ ಇರುತ್ತಾರೆ. ಅದೇ ಮಾತು ಇಂಗ್ಲಿಷಿಗೆ ಹೋಗಿ 'ವಿ ವಿಲ್ ಟ್ರೈ' ಆದರೆ ಆ ಹುಡುಗಿ ನಿಜವಾಗಿಯೂ ಎರಡು ಕುರ್ಚಿ ಇರಿಸುತ್ತಾಳೆ. ಮುಹೂರ್ತದ ಹೊತ್ತಿಗೆ ಬಾಗಿಲ ಕಡೆ ನೋಡುತ್ತಾಳೆ. ಇಲ್ಲಿ ನಯಕ್ಕೆ ಆಡಿದ ಮಾತು ಅಲ್ಲಿ ಸುಳ್ಳಾಗುತ್ತದೆ.

ಕನ್ನಡದಲ್ಲಿ ಕ್ರಿಯಾಪದವನ್ನು ಆರಿಸುವುದಕ್ಕೇ ನನಗೆ ಒಂದು ದಿನ ಹಿಡಿಯಿತು. 'ನಾವು ಬರುವುದಿಲ್ಲ' ಅಂದರೆ ಮನಸ್ಸಿಲ್ಲ ಎಂದು ಕೇಳಿಸುತ್ತದೆ, ಮುನಿಸಿಕೊಂಡವರ ಮಾತು. 'ನಮಗೆ ಬರಲಾಗುವುದಿಲ್ಲ' ಅಂದಾಗ 'ನಾವು' ಹೋಗಿ 'ನಮಗೆ' ಬರುತ್ತದೆ, ಅಷ್ಟರಿಂದಲೇ ಇಚ್ಛೆ ಪಕ್ಕಕ್ಕೆ ಸರಿಯುತ್ತದೆ. ಹಸಿವು ನಮಗೆ ಆಗುವ ಹಾಗೆ, ಬರಲಾಗದಿರುವುದೂ ನಮಗೆ ಆದದ್ದು, ನಾವು ಮಾಡಿದ್ದಲ್ಲ. 'ಬರುವ ಹಾಗಿಲ್ಲ' ಅನ್ನುವುದು ಇನ್ನೂ ಬೇರೆ. ಅದರ ಹಿಂದೆ ಒಂದು ಕಟ್ಟಳೆ ಇದೆ ಎಂದು ಹೇಳದೆಯೇ ತಿಳಿಯುತ್ತದೆ. ಕಟ್ಟಳೆಯ ಮಾತಿಗೆ 'ಹಾಗಿಲ್ಲ', ನಮ್ಮಿಬ್ಬರ ಮಾತಿಗೆ 'ಬರಲಾಗುವುದಿಲ್ಲ' ಎಂದು ಹಂಚಿದೆ. ಇಂಗ್ಲಿಷಿನಲ್ಲಿ ಈ 'ನಮಗೆ' ಇಲ್ಲ. ಅಲ್ಲಿ 'ವಿ ಕೆನಾಟ್ ಕಮ್' ಅಂದರೆ ಬಿಗಿ, 'ವಿ ಆರ್ ಅನೇಬಲ್' ಅಂದರೆ ಕಚೇರಿ. ಆಮೇಲೆ ಹೊಳೆದದ್ದು 'ವಿ ವಿಲ್ ನಾಟ್ ಬಿ ವಿತ್ ಯು'. ಬರುವ ಮಾತನ್ನೇ ಬಿಟ್ಟು, ನಿಮ್ಮ ಜೊತೆ ಇರುವುದಿಲ್ಲ ಅನ್ನುವುದು. ಸ್ಪಷ್ಟವೂ ಹೌದು, ಇರಬೇಕೆಂಬ ಆಸೆಯೂ ಅದರಲ್ಲಿ ಉಳಿಯುತ್ತದೆ.

ಇನ್ನು ಕಾರಣ. ಇಂಗ್ಲಿಷಿನಲ್ಲಿ ಕಾರಣ ಹೇಳಬೇಕಾಗಿಲ್ಲ ಎಂದೆನಲ್ಲ, ಅದು ಪರಿಚಿತರ ನಡುವೆ. ಹುಡುಗಿಯ ಸ್ವಂತ ದೊಡ್ಡಪ್ಪ ಮತ್ತು ಅಜ್ಜಿಯ ಅಕ್ಕ ಏನೂ ಹೇಳದೆ ಮದುವೆಗೆ ಬರದಿದ್ದರೆ, ಹುಡುಗನ ಕಡೆಯವರು ಈ ಸಂಬಂಧ ಇವರಿಗೆ ಇಷ್ಟವಿಲ್ಲ ಎಂದು ತಿಳಿಯಬಹುದು. ಬೇರೆ ದೇಶದ ಹುಡುಗ ಎಂದೇ ಇವರು ದೂರ ಉಳಿದರು ಅನ್ನಿಸಿಬಿಟ್ಟರೆ ಆ ಮಗು ಅದನ್ನು ಎಷ್ಟು ವರ್ಷ ಹೊರಬೇಕು? ಅಪ್ಪ ತೀರಿಕೊಂಡ ಸುದ್ದಿ ಅವಳಿಗೆ ಗೊತ್ತು. ಅದಕ್ಕೂ ಮೇ ತಿಂಗಳ ಮದುವೆಗೂ ಏನು ಸಂಬಂಧ ಎಂದು ಗೊತ್ತಿಲ್ಲ. ಅಲ್ಲಿ ಕಾರಣ ಬೇಕೇ ಬೇಕು. ಚಿಕ್ಕಮ್ಮನಿಗೆ ಕಾರಣ ಬೇಡ, ಅಷ್ಟೇ ಅಲ್ಲ, ಬರೆಯಬಾರದು. ಸಾವಿನ ಮಾತು ಮದುವೆಯ ಕಾಗದದೊಳಗೆ ಬರಬಾರದು.

ನನ್ನ ಮೊದಲ ಇಂಗ್ಲಿಷ್ ಕರಡಿನಲ್ಲಿ ಅಪ್ಪನ ಸಾವು, ನಮ್ಮ ಪದ್ಧತಿಯ ವಿವರಣೆ, ಅಮ್ಮನ ಮಂಡಿನೋವು, ಮೇ ತಿಂಗಳ ಪ್ರಯಾಣದ ಕಷ್ಟ, ಎಲ್ಲ ಇದ್ದವು. ಕಾರಣಗಳು ಎರಡಾದರೆ ಎರಡೂ ದುರ್ಬಲವಾಗುತ್ತವೆ. ಮಂಡಿನೋವೇ ಆದರೆ ಕಾರು ಮಾಡಿಕೊಂಡು ಬನ್ನಿ ಅನ್ನುತ್ತಾರೆ. ಉಳಿದದ್ದನ್ನೆಲ್ಲ ಹೊಡೆದು ಹಾಕಿ, ಒಂದನ್ನು ಮಾತ್ರ ಉಳಿಸಿಕೊಂಡೆ. ಅದನ್ನು ಹೇಳುವ ಮಾತಿಗಾಗಿ ನಾಲ್ಕು ದಿನ ಕಾದೆ.

ಅದು ಸಿಕ್ಕಿದ್ದು ಅಮ್ಮನಿಂದ. ಹಾಲಿನವನು ಯುಗಾದಿ ಹಬ್ಬ ಜೋರಾ ಎಂದು ಕೇಳಿದಾಗ ಅವಳು, "ಈ ವರ್ಷ ನಮ್ಮನೇಲಿ ಹಬ್ಬ ಇಲ್ಲಪ್ಪ, ಸುಮ್ಮನಿರೋ ವರ್ಷ" ಅಂದಳು. ಸುಮ್ಮನಿರುವ ವರ್ಷ! ಇಂಗ್ಲಿಷಿನಲ್ಲಿ ಅದು 'ಎ ಕ್ವಯಟ್ ಇಯರ್', ಒಂದು ಅಕ್ಷರವೂ ಬಗ್ಗದೆ ದಾಟಿಕೊಂಡಿತು. ಕೇಳಿದವರಿಗೆ ಅದರೊಳಗಿನ ದುಃಖ ತಿಳಿಯುತ್ತದೆ, ಸಾವು ಅನ್ನುವ ಪದ ಎಲ್ಲೂ ಇಲ್ಲ. ಅದರ ಪಕ್ಕದಲ್ಲಿ ಇದು ಪದ್ಧತಿ ಅನ್ನುವ ಒಂದು ಮಾತು, ವರ್ಷ ಮುಗಿಯುವ ತನಕ ಅನ್ನುವ ಒಂದು ಗಡುವು. ಗಡುವು ಮುಖ್ಯ. ಅದಿದ್ದರೆ ಇದು ನಿಮ್ಮ ಮದುವೆಯನ್ನು ಕುರಿತ ತೀರ್ಮಾನವಲ್ಲ, ಯಾರ ಮದುವೆಯಾಗಿದ್ದರೂ ಹೀಗೆಯೇ ಎಂದು ತಾನೇ ತಿಳಿಯುತ್ತದೆ.

ಸಂಬೋಧನೆಯ ತೊಡಕು ಇನ್ನೊಂದು ಬಗೆಯದು. ಕನ್ನಡದಲ್ಲಿ ನಾನು ಒಂದೇ ಪ್ಯಾರಾದಲ್ಲಿ ಚಿಕ್ಕಮ್ಮನಿಗೂ ಹುಡುಗಿಗೂ ಬರೆಯಬಲ್ಲೆ. 'ಕರೆದಿರಿ' ಅಂದರೆ ಚಿಕ್ಕಮ್ಮ, 'ಇರಬೇಕು ಕಣೇ' ಅಂದರೆ ಮಗಳು, ಕ್ರಿಯಾಪದದ ಬಾಲವೇ ಯಾರಿಗೆ ಎಂದು ಹೇಳುತ್ತದೆ. ಇಂಗ್ಲಿಷಿನ 'ಯು' ಎಲ್ಲರಿಗೂ ಒಂದೇ. ಮೊದಲ ಕರಡು ಓದಿದವರಿಗೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದದ್ದು ಮದುಮಗಳೇ ಎನ್ನಿಸುತ್ತಿತ್ತು. ಅದಕ್ಕೆ ಎರಡು ಕಡೆಯೂ ಪ್ಯಾರಾದ ಮೊದಲಲ್ಲೇ ಕರೆಯುವ ಹೆಸರಿಟ್ಟೆ, ಚಿಕ್ಕಮ್ಮ ಎಂದು ಒಂದು, ಪುಟ್ಟಿ ಎಂದು ಇನ್ನೊಂದು. ದೊಡ್ಡಪ್ಪ ಅನ್ನುವುದನ್ನು ಅಂಕಲ್ ಮಾಡಲು ಮನಸ್ಸು ಬರಲಿಲ್ಲ. ಅಂಕಲ್ ಪಕ್ಕದ ಮನೆಯವರೂ ಆಗಬಹುದು. ದೊಡ್ಡಪ್ಪ ಅಂದರೆ ಅಪ್ಪನ ಸಾಲಿನಲ್ಲಿ ನಿಂತವನು. ಅವಳು ಲೀಡ್ಸ್‌ನಿಂದ ಫೋನು ಮಾಡಿದಾಗ ಇಂಗ್ಲಿಷ್ ವಾಕ್ಯದ ನಡುವೆಯೂ ದೊಡ್ಡಪ್ಪ ಅಂತಲೇ ಅನ್ನುತ್ತಾಳೆ. ಅವಳ ಇಂಗ್ಲಿಷಿನಲ್ಲಿ ಆ ಪದ ಇದೆ ಎಂದ ಮೇಲೆ ನನ್ನ ಇಂಗ್ಲಿಷಿನಲ್ಲೂ ಇರಬಹುದು.

ಧನ್ಯವಾದ ಅನ್ನುವುದೂ ಹಾಗೆ. ಇಂಗ್ಲಿಷಿನಲ್ಲಿ ಕರೆದದ್ದಕ್ಕೆ 'ಥ್ಯಾಂಕ್ ಯು' ಅನ್ನದಿದ್ದರೆ ಒರಟು. ಎತ್ತಿ ಆಡಿಸಿದ ಚಿಕ್ಕಮ್ಮನಿಗೆ 'ಆಹ್ವಾನಿಸಿದ್ದಕ್ಕೆ ಧನ್ಯವಾದಗಳು' ಎಂದು ಬರೆದರೆ, ಇವನಿಗೆ ನಾನು ಯಾವಾಗ ಹೊರಗಿನವಳಾದೆ ಎಂದು ನೊಂದುಕೊಳ್ಳುತ್ತಾರೆ. ಧನ್ಯವಾದದ ಬದಲು ಅವರು ಮಾಡಿದ್ದನ್ನೇ ಬರೆದೆ: ಗೊತ್ತಿದ್ದೂ ಬಂದಿರಿ, ಬಂದು ಕರೆದಿರಿ. ಕನ್ನಡದಲ್ಲಿ ಇದಕ್ಕೆ ಸಿದ್ಧವಾದ ಮಾತೇ ಇದೆ, ಕರೆದದ್ದೇ ಬಂದಷ್ಟಾಯಿತು. ಇಂಗ್ಲಿಷಿನಲ್ಲಿ ಬರೆದದ್ದು, ನೀವು ನಮ್ಮ ಬಾಗಿಲಿಗೆ ಬಂದು ಕರೆದದ್ದನ್ನು ಅಮ್ಮ ದಿನವೂ ನೆನೆಯುತ್ತಾಳೆ ಎಂದು. ಪದಗಳು ಬೇರೆ, ಇಡುವ ಜಾಗ ಒಂದೇ.

ಕರಡು ಆದ ಮೇಲೆ ಪರೀಕ್ಷೆ. ಇಂಗ್ಲಿಷನ್ನು ಕನ್ನಡ ಬಾರದ ಗೆಳೆಯನೊಬ್ಬನಿಗೆ ಫೋನಿನಲ್ಲಿ ಓದಿದೆ. ಅನುವಾದ ಎಂದು ಹೇಳಲಿಲ್ಲ. ಎಲ್ಲಿ ತಡವರಿಸಿತು ಎಂದು ಕೇಳಿದರೆ ಅವನು ಒಂದೇ ಜಾಗ ತೋರಿಸಿದ. ಕನ್ನಡದಲ್ಲಿ ನಾನು 'ಬಿಡುವಾದಾಗ ಒಂದ್ಸಲ ಬಂದು ಹೋಗಿ' ಎಂದು ಬರೆದಿದ್ದೆ. ಇಲ್ಲಿ ಅದು ತೆರೆದ ಬಾಗಿಲು. ಅಲ್ಲಿ 'ಕಮ್ ಸಮ್‌ಟೈಮ್' ಅಂದರೆ ಯಾರೂ ಬರದ ಆಹ್ವಾನ. ಅದನ್ನು ತೆಗೆದು ಡಿಸೆಂಬರ್, ಎರಡು ದಿನ, ನಮ್ಮ ಮನೆಯಲ್ಲೇ ಎಂದು ಎರಡು ಕಡೆಯೂ ಬರೆದೆ. ಅಷ್ಟರಲ್ಲಿ ಕಾರ್ತಿಕ ಮುಗಿದಿರುತ್ತದೆ, ಅಪ್ಪನ ವರ್ಷದ ಕಾರ್ಯವೂ ಆಗಿರುತ್ತದೆ. ತಿಂಗಳನ್ನು ಹೆಸರಿಸಿದ್ದರಿಂದ ಕನ್ನಡಕ್ಕೂ ಬಲ ಬಂತು.

ಕನ್ನಡವನ್ನು ಅಮ್ಮನಿಗೆ ಓದಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಸಂತೋಷದ ವಾಕ್ಯ ಮುಗಿದು 'ಆದರೆ' ಎಂದು ನಾನು ಮುಂದುವರಿದ ಕೂಡಲೇ ಕೈ ಎತ್ತಿ ನಿಲ್ಲಿಸಿ, "ಶುಭದ ಮಾತಾಡಿ ಆದರೆ ಅನ್ನಬಾರದು" ಅಂದಳು. ತೆಗೆದು ಓದಿದೆ. ವಾಕ್ಯ ನಿಂತಿತು, ಮುಂದಿನ ವಾಕ್ಯ ತಾನಾಗಿ ಶುರುವಾಯಿತು, ಏನೂ ಕಡಿಮೆಯಾಗಲಿಲ್ಲ. ಇಂಗ್ಲಿಷಿನಲ್ಲಿದ್ದ 'ಬಟ್' ಕೂಡ ಹೊಡೆದೆ. ಅಲ್ಲೂ ಅದು ಹಿಂದೆ ಹೇಳಿದ ಸಂತೋಷವನ್ನೆಲ್ಲ ಒರೆಸುತ್ತಿತ್ತು, ಇಷ್ಟು ದಿನ ನನಗೆ ಕಂಡಿರಲಿಲ್ಲ.

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. "ನನ್ನ ಹೆಸರು ಹಾಕಬೇಡ. ನಿಂದು ಮಾತ್ರ ಹಾಕು." ಯಾಕೆ ಎಂದು ನಾನು ಕೇಳಲಿಲ್ಲ. ಅರಿಶಿನ ಹಚ್ಚಿದ ಕರೆಯೋಲೆಗೆ ಹೋಗುವ ಉತ್ತರದಲ್ಲಿ ಈಗ ತನ್ನ ಹೆಸರು ಇರಬಾರದು ಅನ್ನುವುದು ಅವಳ ಅಳುಕು. ಈ ಒಂದು ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ವರ್ಷವೊಂದು ಸುಮ್ಮನಿರುವುದರಲ್ಲಿ ಅಪ್ಪನ ಮೇಲಿನ ಗೌರವವಿದೆ. ಹೆತ್ತು ಹೊತ್ತು ಬೆಳೆಸಿದವಳ ಹೆಸರು ಅಳಿಸುವುದರಲ್ಲಿ ಯಾರ ಮೇಲಿನ ಗೌರವವೂ ಇಲ್ಲ. ಅವಳ ಎದುರಿಗೇ ಚಿಕ್ಕಮ್ಮನಿಗೆ ಫೋನು ಮಾಡಿ ಹೇಳಿದೆ. ಆ ಕಡೆಯಿಂದ ದನಿ ಎತ್ತರಕ್ಕೆ ಬಂತು: "ಅಕ್ಕನ ಹೆಸರಿಲ್ಲದ ಕಾಗದ ನಂಗೆ ಬೇಡ. ಮೊದಲು ಅವಳ ಹೆಸರು ಹಾಕು, ಆಮೇಲೆ ನಿಂದು."

ಕೊನೆಗೆ ಎಡಗಡೆ ಉಳಿದದ್ದು ಇದು:

"ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರಿಗೂ ನಮಸ್ಕಾರಗಳು. ಪುಟ್ಟಿ, ನಿನಗೂ ನಿನ್ನ ಕೈ ಹಿಡಿಯುವ ಹುಡುಗನಿಗೂ ಅಜ್ಜಿಯ ಮತ್ತು ದೊಡ್ಡಪ್ಪನ ಆಶೀರ್ವಾದಗಳು.

ಮದುವೆ ಗೊತ್ತಾದ ದಿನದಿಂದ ನಮ್ಮ ಮನೆಯಲ್ಲಿ ನಿಮ್ಮದೇ ಮಾತು. ನಮ್ಮ ಮನೆಗೆ ಇದು ಸುಮ್ಮನಿರುವ ವರ್ಷ. ಅದು ಮುಗಿಯುವ ತನಕ ಮದುವೆಗಳಿಗೆ ಹೋಗುವ ಹಾಗಿಲ್ಲ ಅನ್ನುವುದು ನಮ್ಮ ಪದ್ಧತಿ, ಹಾಗಾಗಿ ಮೇ 11ರಂದು ಅಮ್ಮನಿಗೂ ನನಗೂ ಮೈಸೂರಿಗೆ ಬರಲಾಗುವುದಿಲ್ಲ. ನಮ್ಮ ಪರವಾಗಿ ತಂಗಿ ಮತ್ತು ಅವಳ ಗಂಡ ಹಿಂದಿನ ದಿನವೇ ಬಂದು ಸೇರುತ್ತಾರೆ.

ಚಿಕ್ಕಮ್ಮ, ಗೊತ್ತಿದ್ದೂ ನೀವು ಅಷ್ಟು ದೂರ ಬಂದು ಅಮ್ಮನನ್ನು ಕರೆದಿರಿ. ಕರೆದದ್ದೇ ಬಂದಷ್ಟಾಯಿತು ಎಂದು ಅಮ್ಮ ದಿನವೂ ಹೇಳುತ್ತಾಳೆ.

ಪುಟ್ಟಿ, ಆ ದಿನ ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ನಿನ್ನ ಅಜ್ಜಿ ಇಲ್ಲಿ ದೇವರ ಮುಂದೆ ಅಕ್ಷತೆ ಹಿಡಿದು ಕೂತಿರುತ್ತಾಳೆ. ಡಿಸೆಂಬರ್‌ನಲ್ಲಿ ನೀವಿಬ್ಬರೂ ಬಂದಾಗ ಎರಡು ದಿನ ನಮ್ಮ ಮನೆಯಲ್ಲಿ ಇರಬೇಕು."

ಬಲಗಡೆಯ ಇಂಗ್ಲಿಷಿನಲ್ಲಿ ನಡುವಿನ ವಾಕ್ಯ ಹೀಗಿತ್ತು: 'ದಿಸ್ ಈಸ್ ಎ ಕ್ವಯಟ್ ಇಯರ್ ಇನ್ ಅವರ್ ಹೌಸ್, ಆಂಡ್ ಬೈ ಅವರ್ ಕಸ್ಟಮ್ ವಿ ಡು ನಾಟ್ ಗೋ ಟು ವೆಡಿಂಗ್ಸ್ ಅಂಟಿಲ್ ಇಟ್ ಈಸ್ ಓವರ್, ಸೋ ಅಮ್ಮ ಆಂಡ್ ಐ ವಿಲ್ ನಾಟ್ ಬಿ ವಿತ್ ಯು ಇನ್ ಮೈಸೂರು ಆನ್ ದಿ ಇಲೆವೆಂತ್ ಆಫ್ ಮೇ.' ಕನ್ನಡದ ಅದೇ ಜಾಗದಲ್ಲಿರುವ ವಾಕ್ಯಕ್ಕಿಂತ ಒಂದು ವಿಷಯ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಬರಲಾಗದವರು ಹೊತ್ತು ನಮೂದಿಸಬೇಕಾಗಿಲ್ಲ ಎಂದು ಮೇಲೆ ಹೇಳಿದೆ. ನಾವು ನಮೂದಿಸಿದೆವು, ನಿಮಿಷದ ಸಮೇತ. ಕೇಳಿದ ಆಶೀರ್ವಾದವನ್ನು ಎಷ್ಟು ಹೊತ್ತಿಗೆ ಕೊಡುತ್ತೇವೆ ಎಂದು ಹೇಳಬೇಕಲ್ಲ. ಕೊನೆಯಲ್ಲಿ ಎಡಕ್ಕೆ 'ಇಂತಿ', ಬಲಕ್ಕೆ 'ವಿತ್ ಅವರ್ ಲವ್'. ಅದರ ಕೆಳಗೆ ಮೊದಲು ಅಮ್ಮನ ಹೆಸರು, ಆಮೇಲೆ ನನ್ನದು. ಏಪ್ರಿಲ್ 2ಕ್ಕೆ ಅಂಚೆಗೆ ಹಾಕಿದೆ.

ವಾರದ ಮೇಲೆ ಹುಡುಗಿಯ ಫೋನು ಬಂತು. ಅವಳ ಅತ್ತೆಯಾಗುವವರು ಕಾಗದ ಓದಿ, ಸುಮ್ಮನಿರುವ ವರ್ಷ ಅಂದರೇನು ಎಂದು ಕೇಳಿದರಂತೆ. ಇವಳು ಹೇಳಿದಳಂತೆ. ಅವರು ತಮ್ಮ ಅಪ್ಪ ಹೋದ ವರ್ಷದ ಬಗ್ಗೆ ಇವಳ ಹತ್ತಿರ ಮೊದಲ ಸಲ ಮಾತಾಡಿದರಂತೆ, ಬಹಳ ಹೊತ್ತು.

ಮೇ 11ರ ಬೆಳಿಗ್ಗೆ ಅಮ್ಮ ಬೇಗ ಸ್ನಾನ ಮುಗಿಸಿ ದೀಪ ಹಚ್ಚಿದಳು. ಚಿಕ್ಕಮ್ಮ ಕೊಟ್ಟಿದ್ದ ಪೊಟ್ಟಣ ಬಿಚ್ಚಿ ಅಕ್ಷತೆಯನ್ನು ಅಂಗೈಗೆ ಸುರಿದುಕೊಂಡಳು. ಗಡಿಯಾರ ನೋಡುತ್ತ ಕೂತವಳು, "ಮೈಸೂರು ಯಾವ ಕಡೆ ಬರತ್ತೋ?" ಅಂದಳು. ದಕ್ಷಿಣಕ್ಕೆ ಅಂದೆ. "ದಕ್ಷಿಣಕ್ಕೆ ಬೇಡ" ಎಂದು ಸ್ವಲ್ಪ ಯೋಚಿಸಿ, ಕರೆಯೋಲೆ ತರಿಸಿ ದೇವರ ಮುಂದಿನ ಮಣೆಯ ಮೇಲೆ ಇಡಿಸಿದಳು. 10 ಗಂಟೆ 40 ನಿಮಿಷಕ್ಕೆ ಹುಡುಗ ಹುಡುಗಿಯ ಹೆಸರಿನ ಮೇಲೆ ಒಂದಿಷ್ಟು ಅಕ್ಷತೆ ಹಾಕಿದಳು. ಇನ್ನೂ ಸ್ವಲ್ಪ ಅಂಗೈಯಲ್ಲಿ ಉಳಿದಿತ್ತು. ಕರೆಯೋಲೆಯನ್ನು ತಿರುಗಿಸಿ ಇಡು ಎಂದು ನನಗೆ ಸನ್ನೆ ಮಾಡಿದಳು. ಇಟ್ಟೆ. ಅವಳಿಗೆ ಓದಲು ಬಾರದ ಆ ಮುಖದ ಮೇಲೆ ಉಳಿದದ್ದನ್ನೆಲ್ಲ ಹಾಕಿದಳು.